ಲೆಜಾಂಡರ್ ಸಮೀಕರಣ: ಅನಂತ ಶ್ರೇಣಿ ನಡುವೆಯೇ ನಿಂತಾಗ

ಗೋಳಾಕಾರದ ವಸ್ತುಗಳ ಗುರುತ್ವ, ಶಾಖ, ವಿದ್ಯುತ್ತು ಇವುಗಳ ಲೆಕ್ಕ ಹಾಕುವವರಿಗೆ ಮತ್ತೆ ಮತ್ತೆ ಎದುರಾಗುವ ಒಂದು ಅವಕಲ ಸಮೀಕರಣವಿದೆ:

(1 − x²) y″ − 2x y′ + n(n+1) y = 0

ಇಲ್ಲಿ y ಎಂಬುದು x ಬದಲಾದಂತೆ ಬದಲಾಗುವ ಒಂದು ಪರಿಮಾಣ. y′ ಅದು ಬದಲಾಗುವ ದರ, y″ ಆ ದರವೇ ಬದಲಾಗುವ ದರ. n ಎಂಬುದು ಪ್ರಾಚಲ, ಅಂದರೆ ಲೆಕ್ಕ ಶುರುವಾಗುವ ಮೊದಲೇ ಆರಿಸಿ ಇಟ್ಟುಕೊಳ್ಳುವ ಸಂಖ್ಯೆ. ಫ್ರಾನ್ಸಿನ ಗಣಿತಜ್ಞ ಅಡ್ರಿಯನ್-ಮಾರಿ ಲೆಜಾಂಡರ್ (1752–1833) ಹೆಸರಿನಲ್ಲಿ ಇದನ್ನು ಲೆಜಾಂಡರ್ ಸಮೀಕರಣ ಎನ್ನುತ್ತಾರೆ. n ಯಾವ ಸಂಖ್ಯೆಯಾದರೂ ಇದಕ್ಕೆ ಪರಿಹಾರಗಳಿವೆ. ಆದರೆ n ಪೂರ್ಣಾಂಕವಾದಾಗ ಮಾತ್ರ ಒಂದು ಪರಿಹಾರ ಶಾಲೆಯ ಬೀಜಗಣಿತದಲ್ಲಿ ಕಾಣುವಂಥ ಸರಳ ಬಹುಪದೋಕ್ತಿಯಾಗುತ್ತದೆ. ಉಳಿದ ಸಂದರ್ಭಗಳಲ್ಲಿ ಎಲ್ಲ ಪರಿಹಾರಗಳೂ ಕೊನೆಯಿಲ್ಲದ ಶ್ರೇಣಿಗಳು.

ಸಮೀಕರಣದಲ್ಲಿ ಮೊದಲು ಗಮನಿಸಬೇಕಾದದ್ದು y″ ಮುಂದಿರುವ ಸಹಗುಣಕ, 1 − x². x ಬೆಲೆ 1 ಅಥವಾ −1 ಆದಾಗ ಅದು ಸೊನ್ನೆ. ಆ ಎರಡು ಬಿಂದುಗಳಲ್ಲಿ y″ ಎಷ್ಟೇ ದೊಡ್ಡದಾದರೂ ಸಮೀಕರಣ ಅದನ್ನು ತಡೆಯುವುದಿಲ್ಲ. ಹಾಗಾಗಿ −1ರಿಂದ 1ರ ನಡುವೆ ಸಾಧುವಾಗಿದ್ದ ಪರಿಹಾರ ತುದಿ ಮುಟ್ಟುವಾಗ ಅನಂತಕ್ಕೆ ಹಾರಿಬಿಡಬಹುದು. ಮುಂದಿನ ಎಲ್ಲ ಕಥೆಯೂ ಈ ಎರಡು ತುದಿಗಳದ್ದೇ.

ಪರಿಹಾರ ಹುಡುಕುವ ಹಳೆಯ, ನಂಬಿಕಸ್ಥ ದಾರಿ ಎಂದರೆ ಅದನ್ನು x ನ ಘಾತಗಳ ಸಾಲಾಗಿ ಬರೆದು ಸಹಗುಣಕಗಳನ್ನು ಒಂದೊಂದಾಗಿ ಕಂಡುಕೊಳ್ಳುವುದು:

y = a₀ + a₁x + a₂x² + a₃x³ + …

ಇದನ್ನು ಸಮೀಕರಣದಲ್ಲಿ ಹಾಕಿ, x ನ ಒಂದೊಂದು ಘಾತದ ಮುಂದೆ ಬರುವುದನ್ನೆಲ್ಲ ಒಟ್ಟುಗೂಡಿಸಿ ಸೊನ್ನೆಗೆ ಸಮ ಮಾಡಬೇಕು. y″ ನಿಂದ ಬರುವ ಪದಗಳಲ್ಲಿ ಘಾತ ಎರಡು ಕಡಿಮೆಯಾಗುತ್ತದೆ. x² y″ ಮತ್ತು x y′ ಗಳಲ್ಲಿ ಘಾತ ಇದ್ದಲ್ಲೇ ಇರುತ್ತದೆ. ಆದ್ದರಿಂದ ಪ್ರತಿ ಸಹಗುಣಕಕ್ಕೂ ತನಗಿಂತ ಎರಡು ಹೆಜ್ಜೆ ಹಿಂದಿನದರ ಜೊತೆ ಮಾತ್ರ ಸಂಬಂಧ ಉಳಿಯುತ್ತದೆ:

aₖ₊₂ = [k(k+1) − n(n+1)] / [(k+1)(k+2)] × aₖ

ಸಮಸ್ಯೆಯ ಜೀವಾಳ ಈ ಒಂದು ಸಾಲಿನಲ್ಲಿದೆ. a₀ ಗೊತ್ತಿದ್ದರೆ a₂, a₄, a₆ ಹೀಗೆ ಸಮ ಘಾತಗಳ ಸಹಗುಣಕಗಳೆಲ್ಲ ಸಿಗುತ್ತವೆ. a₁ ಗೊತ್ತಿದ್ದರೆ a₃, a₅, a₇ ಸಿಗುತ್ತವೆ. ಎರಡು ಸಾಲುಗಳೂ ಒಂದನ್ನೊಂದು ಮುಟ್ಟದೆ ಸ್ವತಂತ್ರವಾಗಿ ಸಾಗುತ್ತವೆ. ಮೇಲಿನ ಅಂಶವನ್ನು ನೋಡಿದರೆ ಅಲ್ಲೊಂದು ವ್ಯವಕಲನವಿದೆ: k(k+1) ಕಳೆ n(n+1). n ಒಂದು ಪೂರ್ಣಾಂಕವಾಗಿದ್ದರೆ, k ಏರುತ್ತ ಏರುತ್ತ ಒಮ್ಮೆ n ಗೆ ಸಮನಾಗುತ್ತದೆ, ವ್ಯತ್ಯಾಸ ಸೊನ್ನೆಯಾಗುತ್ತದೆ. ಅಲ್ಲಿಂದ ಮುಂದಿನ ಸಹಗುಣಕ ಸೊನ್ನೆ, ಅದರ ಮುಂದಿನದೂ ಸೊನ್ನೆ. ಅನಂತವಾಗಿ ಹೋಗಬೇಕಿದ್ದ ಸಾಲು xⁿ ಪದದಲ್ಲಿ ನಿಂತುಬಿಡುತ್ತದೆ.

n = 3 ಇಟ್ಟುಕೊಂಡು ಇದನ್ನು ಪೂರ್ತಿ ಮಾಡಿ ನೋಡಬಹುದು. ಆಗ n(n+1) = 12. ಬೆಸ ಘಾತಗಳ ಸಾಲನ್ನು a₁ = 1 ಎಂದು ಆರಂಭಿಸಿದರೆ, k = 1 ಕ್ಕೆ a₃ = (2 − 12)/6, ಅಂದರೆ −5/3. ಮುಂದೆ k = 3 ಕ್ಕೆ a₅ = (12 − 12)/20 × (−5/3) = 0. ಸಾಲು ಮುಗಿಯಿತು. ಸಿಕ್ಕ ಪರಿಹಾರ x − (5/3)x³. ಸಮೀಕರಣಕ್ಕೆ ಇದನ್ನು ಹಾಕಿ ತಾಳೆ ನೋಡುವುದು ನಾಲ್ಕು ಸಾಲಿನ ಕೆಲಸ.

ಇಂಥ ಪರಿಹಾರವನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಅದು ಪರಿಹಾರವಾಗಿಯೇ ಉಳಿಯುತ್ತದೆ. ಆದ್ದರಿಂದ ಎಲ್ಲರೂ ಒಂದೇ ಅಳತೆ ಬಳಸಲೆಂದು x = 1 ರಲ್ಲಿ ಬೆಲೆ 1 ಆಗುವಂತೆ ಹೊಂದಿಸಿಕೊಳ್ಳುವ ರೂಢಿಯಿದೆ. x − (5/3)x³ ನಲ್ಲಿ x = 1 ಹಾಕಿದರೆ −2/3 ಬರುತ್ತದೆ. ಹಾಗಾಗಿ ಇಡೀ ಪರಿಹಾರವನ್ನು −3/2 ರಿಂದ ಗುಣಿಸಿದರೆ (5x³ − 3x)/2. ಇದೇ ಮೂರನೇ ಲೆಜಾಂಡರ್ ಬಹುಪದೋಕ್ತಿ, P₃. ಇದೇ ಕ್ರಮದಲ್ಲಿ ಸಿಗುವ ಮೊದಲ ಕೆಲವು ಹೀಗಿವೆ:

P₀ = 1
P₁ = x
P₂ = (3x² − 1)/2
P₃ = (5x³ − 3x)/2
P₄ = (35x⁴ − 30x² + 3)/8

n ಸಮಸಂಖ್ಯೆಯಾದರೆ ಸಮ ಘಾತಗಳು ಮಾತ್ರ, ಬೆಸಸಂಖ್ಯೆಯಾದರೆ ಬೆಸ ಘಾತಗಳು ಮಾತ್ರ ಬರುವುದು ಮೇಲಿನ ಎರಡು ಸ್ವತಂತ್ರ ಸಾಲುಗಳ ನೇರ ಫಲ. n ಋಣ ಪೂರ್ಣಾಂಕವಾದರೆ ಹೊಸದೇನೂ ಸಿಗುವುದಿಲ್ಲ. n = −4 ಎಂದರೆ n(n+1) = (−4)(−3), ಮತ್ತೆ ಅದೇ 12. ಅದು n = 3 ರ ಸಮೀಕರಣವೇ.

ಇಲ್ಲಿ ಹಲವು ಪಠ್ಯಪುಸ್ತಕಗಳು ಬೇಗ ದಾಟಿಬಿಡುವ ಒಂದು ಸಂಗತಿಯಿದೆ. n ಪೂರ್ಣಾಂಕವಾದಾಗ ನಿಲ್ಲುವುದು ಎರಡು ಸಾಲುಗಳಲ್ಲಿ ಒಂದು ಮಾತ್ರ. n = 3 ಆದಾಗ ಬೆಸ ಸಾಲು ನಿಂತಿತು. ಸಮ ಸಾಲನ್ನು a₀ = 1 ಎಂದು ಆರಂಭಿಸಿದರೆ a₂ = −6, a₄ = 3, a₆ = 0.8, a₈ ಸುಮಾರು 0.43. k ಇಲ್ಲಿ 0, 2, 4, 6 ಎಂದು ಸಮಸಂಖ್ಯೆಗಳ ಮೇಲೆಯೇ ಹೆಜ್ಜೆ ಇಡುವುದರಿಂದ 3 ಅದರ ದಾರಿಯಲ್ಲಿ ಬರುವುದೇ ಇಲ್ಲ, ಈ ಸಾಲಿಗೆ ಕೊನೆಯೂ ಇಲ್ಲ. ಎರಡನೇ ದರ್ಜೆಯ ಸಮೀಕರಣಕ್ಕೆ ಎರಡು ಸ್ವತಂತ್ರ ಪರಿಹಾರಗಳು ಇರಲೇಬೇಕು. ಅವುಗಳಲ್ಲಿ ಒಂದು ಬಹುಪದೋಕ್ತಿ, ಇನ್ನೊಂದು ಕೊನೆಯಿಲ್ಲದ್ದು.

ಕೊನೆಯಿಲ್ಲದ ಸಾಲು ತುದಿಯಲ್ಲಿ ಏನು ಮಾಡುತ್ತದೆ ಎಂಬುದನ್ನು n = 0 ರಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಮ ಸಾಲು ಮೊದಲ ಪದದಲ್ಲೇ ನಿಂತು 1 ಎಂಬ ಸ್ಥಿರಾಂಕವಾಗುತ್ತದೆ. ಬೆಸ ಸಾಲು ಹೀಗೆ ಹೊರಡುತ್ತದೆ:

x + x³/3 + x⁵/5 + x⁷/7 + …

ಇದು ½ ln[(1 + x)/(1 − x)] ಎಂಬ ಲಾಗರಿದಮ್ ಫಲನ. x = 0.9 ರಲ್ಲಿ ಇದರ ಬೆಲೆ 1.47. x = 0.99 ರಲ್ಲಿ 2.65, 0.999 ರಲ್ಲಿ 3.80, 0.9999 ರಲ್ಲಿ 4.95. ಕೊನೆಗೆ ಒಂದೊಂದು 9 ಸೇರಿದಾಗಲೂ ಬೆಲೆ ಸುಮಾರು 1.15 ಏರುತ್ತದೆ, ಈ ಏರಿಕೆ ಎಲ್ಲಿಯೂ ನಿಲ್ಲುವುದಿಲ್ಲ. x ಸರಿಯಾಗಿ 1 ಆದಾಗ ಉಳಿಯುವುದು 1 + 1/3 + 1/5 + 1/7 + … ಎಂಬ ಮೊತ್ತ. ಪದಗಳು ಚಿಕ್ಕದಾಗುತ್ತ ಹೋದರೂ ಮೊತ್ತ ಯಾವ ಮಿತಿಯನ್ನೂ ಮೀರುವಂಥದ್ದು.

ಉಳಿದ n ಗಳಲ್ಲೂ ಇದೇ ಹಣೆಬರಹ. k ಬಹಳ ದೊಡ್ಡದಾದಾಗ n(n+1) ಎಂಬುದು k(k+1) ಮುಂದೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಆಗ ಒಂದು ಸಹಗುಣಕಕ್ಕೂ ಅದರ ಹಿಂದಿನದಕ್ಕೂ ಇರುವ ಅನುಪಾತ ಸುಮಾರು k/(k+2). ಅಂದರೆ ಸಹಗುಣಕಗಳು ಸರಿಸುಮಾರು 1/k ರಂತೆ ಕುಗ್ಗುತ್ತವೆ. 1/k ವೇಗದ ಕುಗ್ಗುವಿಕೆ ಸಾಲದು, ತುದಿಯಲ್ಲಿ ಮೊತ್ತ ಅನಂತಕ್ಕೆ ಹೋಗುತ್ತದೆ.

ಹಾಗಾದರೆ n ಪೂರ್ಣಾಂಕವಲ್ಲದಾಗ ಸಮ ಸಾಲನ್ನೂ ಬೆಸ ಸಾಲನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿ, ಒಂದರ ಅನಂತವನ್ನು ಇನ್ನೊಂದರಿಂದ ಕಳೆದುಬಿಡಬಾರದೇ ಎಂಬ ಪ್ರಶ್ನೆ ಏಳುತ್ತದೆ. x = 1 ರಲ್ಲಿ ಹಾಗೆ ಮಾಡಲು ಸಾಧ್ಯವಿದೆ. ಆದರೆ x = −1 ಕ್ಕೆ ಬಂದಾಗ ಸಮ ಸಾಲಿನ ಚಿಹ್ನೆ ಹಾಗೆಯೇ ಇದ್ದು ಬೆಸ ಸಾಲಿನ ಚಿಹ್ನೆ ತಿರುಗುತ್ತದೆ. ಅಲ್ಲಿ ಕಳೆಯಬೇಕಾದ ಎರಡು ಅನಂತಗಳು ಕೂಡಿಕೊಳ್ಳುತ್ತವೆ. ಒಂದು ತುದಿಯನ್ನು ಉಳಿಸಿಕೊಂಡರೆ ಇನ್ನೊಂದು ಕೈಬಿಡುತ್ತದೆ. ಎರಡೂ ತುದಿಗಳಲ್ಲಿ ಸೀಮಿತವಾಗಿರುವ ಪರಿಹಾರ ಬೇಕಿದ್ದರೆ n ಪೂರ್ಣಾಂಕವಾಗಲೇಬೇಕು, ಪರಿಹಾರ Pₙ ಆಗಲೇಬೇಕು.

ಕಂಪ್ಯೂಟರಿನಲ್ಲಿ ಈ ಭೇದವನ್ನು ಕಣ್ಣಳತೆಯಲ್ಲಿ ಹಿಡಿಯಹೊರಟವರು ಮೋಸ ಹೋಗುವುದುಂಟು. n(n+1) ಜಾಗದಲ್ಲಿ 12 ರ ಬದಲು 11.9 ಇಟ್ಟು ಬೆಸ ಸಾಲನ್ನು ಲೆಕ್ಕ ಹಾಕಿದರೆ a₃ = −1.65, a₅ = −0.00825, a₇ ಸುಮಾರು −0.0036, a₉ ಸುಮಾರು −0.0022, a₁₁ ಸುಮಾರು −0.0015. ಐದನೇ ಘಾತಕ್ಕೆ ಬಂದಾಗ ಸಹಗುಣಕ ಒಮ್ಮೆಲೇ ಇನ್ನೂರು ಪಟ್ಟು ಕುಸಿದದ್ದು ಕಂಡು ಸಾಲು ಇಲ್ಲಿಗೆ ಮುಗಿಯಿತೆನಿಸುತ್ತದೆ. ನಕ್ಷೆ ಬರೆಸಿದರೆ P₃ ನ ವಕ್ರರೇಖೆಗೂ ಇದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಕುಸಿದ ಮೇಲೆ ಸಹಗುಣಕಗಳು ನಿಧಾನವಾಗಿ, ಅದೇ 1/k ವೇಗದಲ್ಲಿ ಇಳಿಯುತ್ತಿವೆ, ಎಲ್ಲವೂ ಒಂದೇ ಚಿಹ್ನೆಯಲ್ಲಿವೆ. ಅಂದರೆ ಅನಂತ ಅಲ್ಲಿಯೇ ಕಾದು ಕುಳಿತಿದೆ, ಬರುವುದು ಮಾತ್ರ ಬಹಳ ತಡವಾಗಿ. ನೂರು ಪದ ಕೂಡಿಸಿದರೂ ಸಾವಿರ ಪದ ಕೂಡಿಸಿದರೂ x = 1 ರಲ್ಲಿ ಮೊತ್ತ ಕದಲಿದಂತೆ ತೋರುವುದಿಲ್ಲ. ಇಂಥಲ್ಲಿ ನಕ್ಷೆಯನ್ನು ನಂಬದೆ ಸಹಗುಣಕವನ್ನು k ಯಿಂದ ಗುಣಿಸಿ ನೋಡಬೇಕು. ಗುಣಲಬ್ಧ ಸೊನ್ನೆಯತ್ತ ಹೋಗದೆ ಯಾವುದೋ ಒಂದು ಸಂಖ್ಯೆಯ ಹತ್ತಿರ ನೆಲೆ ನಿಂತರೆ ಮೊತ್ತ ಅನಂತ ಎಂದೇ ಅರ್ಥ.

ತುದಿಗಳಲ್ಲಿ ಸೀಮಿತವಾಗಿರಬೇಕೆಂಬ ಹಟ ಯಾಕೆ ಎಂಬುದಕ್ಕೆ ಉತ್ತರ ಸಮೀಕರಣದ ಹುಟ್ಟಿನಲ್ಲೇ ಇದೆ. ಗೋಳದ ಮೇಲೆ ಉತ್ತರ ಧ್ರುವದಿಂದ ಅಳೆದ ಕೋನವನ್ನು θ ಎಂದರೆ x = cos θ. ಉತ್ತರ ಧ್ರುವದಲ್ಲಿ x ಬೆಲೆ 1, ಸಮಭಾಜಕ ವೃತ್ತದ ಮೇಲೆ 0, ದಕ್ಷಿಣ ಧ್ರುವದಲ್ಲಿ −1. ಅಂದರೆ ಸಮೀಕರಣದ ಅಪಾಯದ ಬಿಂದುಗಳು ಎರಡು ಧ್ರುವಗಳೇ. ಆದರೆ ಲೋಹದ ಗೋಳವೊಂದರ ಉಷ್ಣತೆಗೆ ಅದರ ಧ್ರುವ ಎಲ್ಲಿದೆ ಎಂಬುದು ಗೊತ್ತಿಲ್ಲ, ಅದು ಲೆಕ್ಕ ಹಾಕುವವರು ಇಟ್ಟ ಗುರುತು. ಗುರುತಿಟ್ಟ ಮಾತ್ರಕ್ಕೆ ಅಲ್ಲಿ ಉಷ್ಣತೆ ಅನಂತವಾಗಲಾರದು. ಹೀಗಾಗಿ ಅನಂತಕ್ಕೆ ಹಾರುವ ಪರಿಹಾರಗಳನ್ನೆಲ್ಲ ಕೈಬಿಡಬೇಕಾಗುತ್ತದೆ. 0, 2, 6, 12, 20, 30 ಹೀಗೆ ಅಕ್ಕಪಕ್ಕದ ಎರಡು ಪೂರ್ಣಾಂಕಗಳ ಗುಣಲಬ್ಧಗಳು ಮಾತ್ರ ಉಳಿದುಕೊಳ್ಳುತ್ತವೆ. ಕ್ವಾಂಟಮ್ ಸಿದ್ಧಾಂತದಲ್ಲಿ ಪರಮಾಣುವಿನೊಳಗೆ ಸುತ್ತುವ ಎಲೆಕ್ಟ್ರಾನಿನ ಕೋನೀಯ ಸಂವೇಗ ಇದೇ ಗುಣಲಬ್ಧಗಳಿಗೆ ಕಟ್ಟುಬಿದ್ದಿರುವುದಕ್ಕೂ ಮೂಲ ಇದೇ ಲೆಕ್ಕ.

ಸಹಗುಣಕಗಳನ್ನು ಒಂದೊಂದಾಗಿ ಕಟ್ಟುವ ಬದಲು ಬಹುಪದೋಕ್ತಿಯನ್ನು ಒಂದೇ ಏಟಿಗೆ ಕೊಡುವ ಸೂತ್ರವೊಂದಿದೆ. ಅದನ್ನು 1816 ರಲ್ಲಿ ಪ್ರಕಟಿಸಿದವರು ಒಲಾಂಡ್ ರೊಡ್ರಿಗ್ ಎಂಬ ಫ್ರೆಂಚ್ ಗಣಿತಜ್ಞ. ಅವರು ಆಮೇಲೆ ಬ್ಯಾಂಕಿಂಗಿನ ಕಡೆಗೂ ಸಮಾಜ ಸುಧಾರಣೆಯ ಕಡೆಗೂ ಹೊರಳಿಕೊಂಡರು.

Pₙ(x) = 1/(2ⁿ n!) × (x² − 1)ⁿ ನ n ನೇ ಅವಕಲನ

n = 2 ಕ್ಕೆ (x² − 1)² ಬಿಡಿಸಿದರೆ x⁴ − 2x² + 1. ಎರಡು ಸಲ ಅವಕಲಿಸಿದರೆ 12x² − 4. ಅದನ್ನು 8 ರಿಂದ ಭಾಗಿಸಿದರೆ (3x² − 1)/2, ಅದೇ P₂. ಈ ಸೂತ್ರದಿಂದ ಇನ್ನೊಂದು ಮಾತೂ ತಾನಾಗಿ ಹೊರಬೀಳುತ್ತದೆ. (x² − 1)ⁿ ಎರಡೂ ತುದಿಗಳಲ್ಲಿ ಸೊನ್ನೆ. ಎರಡು ಸೊನ್ನೆಗಳ ನಡುವೆ ವಕ್ರರೇಖೆ ಎಲ್ಲೋ ಒಂದು ಕಡೆ ತಿರುಗಲೇಬೇಕು, ಅಲ್ಲಿ ಅದರ ಅವಕಲನ ಸೊನ್ನೆ. ಪ್ರತಿ ಸಲ ಅವಕಲಿಸಿದಾಗ ಒಳಗಿನ ಸೊನ್ನೆಗಳು ಒಂದೊಂದಾಗಿ ಹೆಚ್ಚುತ್ತವೆ. n ಸಲ ಮುಗಿಯುವ ಹೊತ್ತಿಗೆ −1 ಮತ್ತು 1 ರ ನಡುವೆ n ಬೇರೆ ಬೇರೆ ಸೊನ್ನೆಗಳು. ಅಂದರೆ Pₙ ತನ್ನ ಎಲ್ಲ ಶೂನ್ಯತೆಗಳನ್ನೂ ಈ ಕಿರಿದಾದ ಅಂತರದೊಳಗೇ ಇಟ್ಟುಕೊಂಡಿದೆ, ಒಂದೂ ಹೊರಗಿಲ್ಲ.

ತುದಿಗಳಲ್ಲಿ ತೊಂದರೆ ಕೊಟ್ಟ 1 − x² ಇನ್ನೊಂದು ಕಡೆ ಉಪಕಾರಕ್ಕೂ ಬರುತ್ತದೆ. ಸಮೀಕರಣದ ಮೊದಲ ಎರಡು ಪದಗಳನ್ನು ಸೇರಿಸಿದರೆ ಅದು (1 − x²)y′ ಎಂಬುದರ ಅವಕಲನ. ಈಗ ಬೇರೆ ಬೇರೆ m ಮತ್ತು n ಗೆ ಸೇರಿದ ಎರಡು ಸಮೀಕರಣಗಳನ್ನು ತೆಗೆದುಕೊಂಡು, ಮೊದಲಿನದನ್ನು Pₙ ನಿಂದಲೂ ಎರಡನೆಯದನ್ನು Pₘ ನಿಂದಲೂ ಗುಣಿಸಿ ಒಂದರಿಂದ ಒಂದನ್ನು ಕಳೆದರೆ ಹೀಗಾಗುತ್ತದೆ:

[(1 − x²)(Pₘ Pₙ′ − Pₙ Pₘ′)]′ = [m(m+1) − n(n+1)] Pₘ Pₙ

ಎರಡೂ ಬದಿಯನ್ನು −1 ರಿಂದ 1 ರ ವರೆಗೆ ಅನುಕಲಿಸಿದಾಗ ಎಡಬದಿಯಲ್ಲಿ ಉಳಿಯುವುದು ಎರಡು ತುದಿಗಳ ಬೆಲೆ ಮಾತ್ರ. ಅಲ್ಲಿ 1 − x² ಸೊನ್ನೆ, Pₘ ಮತ್ತು Pₙ ಬಹುಪದೋಕ್ತಿಗಳಾದ್ದರಿಂದ ಸೀಮಿತ. ಹಾಗಾಗಿ ಎಡಬದಿ ಸೊನ್ನೆ. ಬಲಬದಿಯ ಆವರಣದೊಳಗಿನ ಸಂಖ್ಯೆ ಸೊನ್ನೆಯಲ್ಲವಾದ್ದರಿಂದ Pₘ Pₙ ನ ಅನುಕಲವೇ ಸೊನ್ನೆಯಾಗಬೇಕು. ಪರಸ್ಪರ ಲಂಬವಾಗಿರುವ ಎರಡು ದಿಕ್ಕುಗಳಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬೀಳದಿರುವಂತೆಯೇ ಇದೂ. ಇದರ ಲಾಭವೆಂದರೆ ಗೋಳದ ಮೇಲಿನ ಯಾವುದೋ ಅಂಕುಡೊಂಕಾದ ಹಂಚಿಕೆಯನ್ನು P₀, P₁, P₂ … ಗಳ ಮೊತ್ತವಾಗಿ ಬರೆಯುವಾಗ ಪ್ರತಿಯೊಂದರ ಪಾಲನ್ನೂ ಉಳಿದವುಗಳ ಗೊಡವೆಯಿಲ್ಲದೆ ಬೇರೆಯಾಗಿ ಕಂಡುಹಿಡಿಯಬಹುದು.

ಲೆಜಾಂಡರ್ ಈ ಬಹುಪದೋಕ್ತಿಗಳಿಗೆ ಬಂದದ್ದು ಸಮೀಕರಣದ ದಾರಿಯಿಂದಲ್ಲ, ಗುರುತ್ವದ ದಾರಿಯಿಂದ. 1780 ರ ದಶಕದಲ್ಲಿ ಅವರು ಚಪ್ಪಟೆಯಾದ ಗೋಳಗಳ ಆಕರ್ಷಣೆಯನ್ನು ಲೆಕ್ಕ ಹಾಕುತ್ತಿದ್ದರು. (ಅವರದೆಂದು ಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತಿದ್ದ ಭಾವಚಿತ್ರ ಲೂಯಿ ಲೆಜಾಂಡರ್ ಎಂಬ ರಾಜಕಾರಣಿಯದು ಎಂದು ಪತ್ತೆಯಾದದ್ದು 2005 ರಲ್ಲಿ. ಗಣಿತಜ್ಞನದೆಂದು ಈಗ ಗೊತ್ತಿರುವುದು 1820 ರ ಒಂದು ವ್ಯಂಗ್ಯಚಿತ್ರ.) ದೂರದ ಒಂದು ಬಿಂದುವಿನ ಗುರುತ್ವ ವಿಭವ ಅಲ್ಲಿಗಿರುವ ಅಂತರದ ವಿಲೋಮ, ಅಂದರೆ 1 ರ ಕೆಳಗೆ ಅಂತರ. ಆ ಅಂತರವನ್ನು ತ್ರಿಕೋನದ ಕೊಸೈನ್ ಸೂತ್ರದಿಂದ ಬರೆದು, t ಎಂಬ ಸಣ್ಣ ಅನುಪಾತದ ಘಾತಗಳಲ್ಲಿ ಬಿಡಿಸಿದರೆ:

1/√(1 − 2xt + t²) = P₀ + P₁ t + P₂ t² + P₃ t³ + …

ಇದು ನಿಜವಾಗಿ ಏನು ಹೇಳುತ್ತದೆ ಎಂಬುದಕ್ಕೆ ಕಡಲಿನ ಉಬ್ಬರ-ಇಳಿತವೇ ಒಳ್ಳೆಯ ನಿದರ್ಶನ. ಚಂದ್ರ ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದೆ, ಭೂಮಿಯ ತ್ರಿಜ್ಯ 6,371 ಕಿ.ಮೀ. ಇಲ್ಲಿ t ಎಂದರೆ ಇವೆರಡರ ಅನುಪಾತ, ಸುಮಾರು 1/60. θ ಎಂಬುದು ಈಗ ಚಂದ್ರನ ದಿಕ್ಕಿನಿಂದ ಅಳೆದ ಕೋನ. P₀ ಪದ ಎಲ್ಲೆಡೆ ಒಂದೇ, ಆದ್ದರಿಂದ ಅದರಿಂದ ಯಾವ ಬಲವೂ ಇಲ್ಲ. P₁ ಪದದ ಬಲ ಭೂಮಿಯ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ಒಂದೇ ಪ್ರಮಾಣದಲ್ಲಿದೆ. ಅದು ನೆಲವನ್ನೂ ನೀರನ್ನೂ ಒಟ್ಟಿಗೆ ಎಳೆಯುತ್ತದೆ, ನೀರನ್ನು ನೆಲದ ಮೇಲೆ ಏರಿಸುವುದಿಲ್ಲ. ಉಬ್ಬರಕ್ಕೆ ಕಾರಣವಾಗುವ ಮೊದಲ ಪದ P₂.

P₂ = (3 cos²θ − 1)/2. ಚಂದ್ರನ ನೇರ ಕೆಳಗೆ θ = 0, ಬೆಲೆ 1. ಪಕ್ಕದಲ್ಲಿ θ = 90°, ಬೆಲೆ −1/2. ಭೂಮಿಯ ಹಿಂಬದಿಯಲ್ಲಿ θ = 180°, cos θ ಬೆಲೆ −1 ಆದರೂ ಅದರ ವರ್ಗ 1 ಆದ್ದರಿಂದ P₂ ಮತ್ತೆ 1. ಚಂದ್ರನತ್ತ ನೀರು ಉಬ್ಬುವುದು ಎಲ್ಲರಿಗೂ ಅರ್ಥವಾಗುತ್ತದೆ. ಆಚೆ ಬದಿಯಲ್ಲೂ ಅಷ್ಟೇ ಉಬ್ಬುವುದೇಕೆ ಎಂದು ಕೇಳುವವರಿಗೆ ಉತ್ತರ ಈ ವರ್ಗದಲ್ಲಿದೆ. ಭೂಮಿ ತಿರುಗುವಾಗ ಒಂದೊಂದು ಊರೂ ಎರಡೂ ಉಬ್ಬುಗಳನ್ನು ಹಾಯುತ್ತದೆ, ಹಾಗಾಗಿ ಕರಾವಳಿಯಲ್ಲಿ ಸಾಮಾನ್ಯವಾಗಿ ದಿನಕ್ಕೆರಡು ಉಬ್ಬರ, ನಡುವೆ ಸುಮಾರು 12 ಗಂಟೆ 25 ನಿಮಿಷ. ಅರಬ್ಬೀ ಸಮುದ್ರದ ನಮ್ಮ ದಂಡೆಯಲ್ಲಿಯೂ ಹೀಗೆಯೇ. P₃ ಪದ ಇದಕ್ಕಿಂತ ಸುಮಾರು 60 ಪಟ್ಟು ಚಿಕ್ಕದು. ಅದು ಬೆಸ ಬಹುಪದೋಕ್ತಿಯಾದ್ದರಿಂದ ಈಚೆ ಬದಿಯ ಉಬ್ಬನ್ನು ತುಸು ಹೆಚ್ಚಿಸಿ ಆಚೆ ಬದಿಯದನ್ನು ತುಸು ತಗ್ಗಿಸುತ್ತದೆ. ಒಂದು ಬಂದರಿನಲ್ಲಿ ನೀರು ನಿಜವಾಗಿ ಎಷ್ಟು ಅಡಿ ಏರುತ್ತದೆ ಎಂಬುದು ಮಾತ್ರ ಈ ಸೂತ್ರದಿಂದ ಸಿಗದು, ಅದು ದಂಡೆಯ ಆಕಾರಕ್ಕೂ ಕಡಲಿನ ಆಳಕ್ಕೂ ಸೇರಿದ್ದು.

ಭೂಮಿಯ ಸ್ವಂತ ಗುರುತ್ವದಲ್ಲೂ P₂ ಇದೆ. ಭೂಮಿ ನಡುವಿನಲ್ಲಿ ಉಬ್ಬಿರುವುದರಿಂದ ಅದರ ವಿಭವದಲ್ಲಿ P₂ ನ ಪಾಲು ಸುಮಾರು 0.00108. ನೋಡಲು ಅಲ್ಪವಾದ ಈ ಸಂಖ್ಯೆ ಉಪಗ್ರಹದ ಕಕ್ಷೆಯ ತಲವನ್ನು ದಿನದಿನವೂ ಸ್ವಲ್ಪ ತಿರುಗಿಸುತ್ತದೆ. ಓರೆ ಕೋನವನ್ನು ಸರಿಯಾಗಿ ಆರಿಸಿದರೆ ಆ ತಿರುಗುವಿಕೆ ದಿನಕ್ಕೆ 0.9856 ಡಿಗ್ರಿಯಾಗಿ, ವರ್ಷಕ್ಕೆ ಸರಿಯಾಗಿ ಒಂದು ಸುತ್ತಾಗುತ್ತದೆ. ಆಗ ಉಪಗ್ರಹ ಪ್ರತಿ ಊರಿನ ಮೇಲೂ ಒಂದೇ ಸ್ಥಳೀಯ ವೇಳೆಗೆ ಹಾದುಹೋಗುತ್ತದೆ. 1988 ರಲ್ಲಿ ಹಾರಿದ ಐಆರ್‌ಎಸ್-1ಎ ಯಿಂದ ಮೊದಲ್ಗೊಂಡು ಇಸ್ರೋದ ಅನೇಕ ದೂರಸಂವೇದಿ ಉಪಗ್ರಹಗಳು ಇಂಥ ಕಕ್ಷೆಯಲ್ಲಿ ಓಡಿವೆ.

ಗುರುತ್ವದ ನಕ್ಷೆ ಸೂಕ್ಷ್ಮವಾದಷ್ಟೂ ಹೆಚ್ಚು ದರ್ಜೆಯ ಬಹುಪದೋಕ್ತಿಗಳು ಬೇಕಾಗುತ್ತವೆ. ಇಜಿಎಂ2008 ಎಂಬ ಪ್ರಸಿದ್ಧ ಮಾದರಿ 2159 ನೇ ದರ್ಜೆಯ ವರೆಗೆ ಹೋಗುತ್ತದೆ. ಅಲ್ಲಿ ಹೊಸ ತಕರಾರು ಶುರುವಾಗುತ್ತದೆ. P₁₀ ನ್ನು ಬಿಡಿಸಿ ಬರೆದರೆ:

P₁₀ = (46189x¹⁰ − 109395x⁸ + 90090x⁶ − 30030x⁴ + 3465x² − 63)/256

x = 1 ಹಾಕಿದರೆ ಲಕ್ಷ ದಾಟುವ ಸಂಖ್ಯೆಗಳು ಒಂದನ್ನೊಂದು ಹೊಡೆದುಹಾಕಿ ಅಂಶದಲ್ಲಿ ಕೊನೆಗೆ ಉಳಿಯುವುದು 256 ಮಾತ್ರ. ಹತ್ತರ ಮಟ್ಟಿಗೆ ಇದು ಪರವಾಗಿಲ್ಲ. P₄₀ ಕ್ಕೆ ಬಂದರೆ ಸಹಗುಣಕಗಳನ್ನು ಚಿಹ್ನೆ ಬಿಟ್ಟು ಕೂಡಿಸಿದಾಗ ಮೊತ್ತ ನೂರು ಲಕ್ಷ ಕೋಟಿಯನ್ನು ಮೀರುತ್ತದೆ, ಉತ್ತರವೋ −1 ಮತ್ತು 1 ರ ನಡುವೆಯೇ ಇರಬೇಕು. ಸಾಮಾನ್ಯ ಕಂಪ್ಯೂಟರ್ ಸುಮಾರು 16 ಅಂಕಿಗಳನ್ನಷ್ಟೇ ನೆನಪಿಡುತ್ತದೆ. ಅದರಲ್ಲಿ 14 ಅಂಕಿಗಳು ಹೀಗೆ ಹೊಡೆದಾಟದಲ್ಲೇ ಕಳೆದುಹೋದರೆ ನಂಬಬಹುದಾದದ್ದು ಒಂದೆರಡು ಅಂಕಿ. x = 1 ರ ಹತ್ತಿರ ಉತ್ತರ 1 ನ್ನು ದಾಟಿ ತೂರಾಡತೊಡಗಿದರೆ ತಪ್ಪು ಇಲ್ಲಿಯೇ ಎಂದು ತಿಳಿಯಬಹುದು.

ಆದ್ದರಿಂದ ಲೆಕ್ಕದ ತಂತ್ರಾಂಶಗಳು ಬಿಡಿಸಿದ ರೂಪವನ್ನು ಬಳಸದೆ, ಹಿಂದಿನ ಎರಡರಿಂದ ಮುಂದಿನದನ್ನು ಪಡೆಯುವ ಸೂತ್ರ ಹಿಡಿಯುತ್ತವೆ:

(n+1) Pₙ₊₁ = (2n+1) x Pₙ − n Pₙ₋₁

P₀ = 1, P₁ = x ಎಂದು ಹೊರಟು ಒಂದೊಂದೇ ಮೆಟ್ಟಿಲು ಹತ್ತಿದರೆ −1 ರಿಂದ 1 ರ ಒಳಗೆ ದೊಡ್ಡ ಸಂಖ್ಯೆಗಳು ಎಲ್ಲಿಯೂ ಬರುವುದಿಲ್ಲ, ಸಾವಿರಾರು ಮೆಟ್ಟಿಲುಗಳ ನಂತರವೂ ಉತ್ತರ ನಿಖರವಾಗಿರುತ್ತದೆ.

ಇದೇ ಸೂತ್ರ, ಬಹುಪದೋಕ್ತಿಯಲ್ಲದ ಇನ್ನೊಂದು ಪರಿಹಾರಕ್ಕೂ ಅನ್ವಯಿಸುತ್ತದೆ. ಅದನ್ನು Qₙ ಎನ್ನುತ್ತಾರೆ. ಗೋಳದ ಮೇಲೆ ಅದಕ್ಕೆ ಜಾಗವಿಲ್ಲದಿದ್ದರೂ x ಬೆಲೆ 1 ಕ್ಕಿಂತ ಹೆಚ್ಚಿರುವ ಕಡೆ, ಉದಾಹರಣೆಗೆ ಮೊಟ್ಟೆಯಂತೆ ಉದ್ದಕ್ಕೆ ಎಳೆದ ಗೋಳದ ಹೊರಗಿನ ವಿಭವದಲ್ಲಿ, ಅದು ಬೇಕಾಗುತ್ತದೆ. ಆದರೆ ಅಲ್ಲಿ ಮೆಟ್ಟಿಲು ಹತ್ತುವುದು ಅಪಾಯ. x = 2 ರಲ್ಲಿ Q₀ = 0.549306, Q₁ = 0.098612. ಸೂತ್ರದಂತೆ Q₂ ಪಡೆಯಲು 0.591674 ರಿಂದ 0.549306 ಕಳೆದು ಅರ್ಧ ಮಾಡಬೇಕು, ಬರುವುದು 0.021184. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗಲೆಲ್ಲ ಕೊನೆಯ ಅಂಕಿಯ ದೋಷ ಎದ್ದು ಕಾಣುತ್ತದೆ. x = 2 ರಲ್ಲಿ n ದೊಡ್ಡದಾದಂತೆ Qₙ ಪ್ರತಿ ಮೆಟ್ಟಿಲಿಗೂ ಸುಮಾರು 3.7 ಪಟ್ಟು ಕುಗ್ಗುತ್ತದೆ, Pₙ ಅಷ್ಟೇ ಪಟ್ಟು ಬೆಳೆಯುತ್ತದೆ. ದೋಷದೊಳಗೆ Pₙ ನ ಒಂದು ಎಳೆ ಸೇರಿಕೊಂಡರೆ ಸಾಕು, ಕೆಲವೇ ಮೆಟ್ಟಿಲುಗಳಲ್ಲಿ ಅದೇ ಇಡೀ ಉತ್ತರವನ್ನು ನುಂಗಿಹಾಕುತ್ತದೆ. ಕುಗ್ಗಬೇಕಾದ ಬೆಲೆಗಳು ಒಂದು ಹಂತದ ನಂತರ ಏರತೊಡಗುವುದೇ ಇದರ ಗುರುತು. ಇಂಥಲ್ಲಿ ಬಹಳ ಮೇಲಿನ ಒಂದು ಮೆಟ್ಟಿಲಿನಲ್ಲಿ ಯಾವುದೋ ಸಣ್ಣ ಸಂಖ್ಯೆ ಇಟ್ಟುಕೊಂಡು ಸೂತ್ರವನ್ನು ಹಿಂದುಮುಂದಾಗಿ ಬಳಸಿ ಕೆಳಗಿಳಿಯುತ್ತಾರೆ. ಇಳಿಯುವಾಗ ಬೆಳೆಯುವುದು Qₙ, ಕುಗ್ಗುವುದು Pₙ. Q₀ ಗೆ ಬಂದ ಮೇಲೆ ಗೊತ್ತಿರುವ ಲಾಗರಿದಮ್ ಬೆಲೆಗೆ ಹೊಂದುವಂತೆ ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಉಳಿದ Q ಗಳ ಬೆಲೆ ಸರಿಯಾಗಿ ಸಿಗುತ್ತದೆ.